ಮೊಟ್ಟೆ ಬೇಡ ಎನ್ನುವ ಮಗುವಿಗೆ ಪಡ್ಡು ಕಾವಲಿ

ಮೊಟ್ಟೆ ಕಂಡರೆ ಮೂಗು ಮುಚ್ಚಿಕೊಳ್ಳುವ ಮಕ್ಕಳು ಹಲವರಿದ್ದಾರೆ. ಅದನ್ನು ಹಟ ಎಂದು ತಳ್ಳಿಹಾಕುವ ಮೊದಲು ಅವರ ತಟ್ಟೆಯಲ್ಲಿರುವ ಮೊಟ್ಟೆಯನ್ನು ಸೀಳಿ ನೋಡಬೇಕು. ಹಳದಿಯ ಸುತ್ತ ಹಸಿರು-ಬೂದು ಬಣ್ಣದ ಉಂಗುರ ಕಂಡರೆ ಮಗು ಹೇಳುತ್ತಿರುವುದು ನಿಜ. ಮೊಟ್ಟೆ ಅತಿಯಾಗಿ ಬೆಂದಾಗ ಬಿಳಿಯ ಭಾಗದಿಂದ ಗಂಧಕದ ಅಂಶವಿರುವ ಅನಿಲ ಹೊರಡುತ್ತದೆ. ಅದು ಹಳದಿಯಲ್ಲಿರುವ ಕಬ್ಬಿಣದೊಂದಿಗೆ ಸೇರಿದಾಗ ಆ ಉಂಗುರ ಮೂಡುತ್ತದೆ. ಉಂಗುರದಿಂದ ಅಪಾಯವಿಲ್ಲ, ಆದರೆ ಮಗುವನ್ನು ಓಡಿಸುವ ವಾಸನೆ ಈ ಅನಿಲದ್ದೇ. ಬಿಳಿ ರಬ್ಬರಿನಂತಾಗಿ ಹಳದಿ ಪುಡಿಪುಡಿಯಾಗಿ ಗಂಟಲಿಗೆ ಅಂಟುವುದಕ್ಕೂ ಅತಿಯಾಗಿ ಬೇಯಿಸಿದ್ದೇ ಕಾರಣ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡುತ್ತಾರೆ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ಅದು ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿತು. ಹೀಗಾಗಿ ಎಷ್ಟೋ ಮಕ್ಕಳಿಗೆ ಮೊಟ್ಟೆ ಎಂದರೆ ಬೇಯಿಸಿದ ಮೊಟ್ಟೆ ಎಂಬ ಒಂದೇ ರೂಪ ಗೊತ್ತು. ಮನೆಯಲ್ಲಿ ಮಾಡಬಹುದಾದದ್ದು ಆ ರೂಪವನ್ನು ಬದಲಿಸುವುದು.

ಬೇಯಿಸಿದ್ದನ್ನೇ ಕೊಡುವುದಾದರೆ ಒಂದು ಸಣ್ಣ ಬದಲಾವಣೆ ಸಾಕು. ನೀರು ಕುದಿದ ಮೇಲೆ ಮೊಟ್ಟೆಯನ್ನು ಸೌಟಿನಲ್ಲಿ ನಿಧಾನವಾಗಿ ಇಳಿಬಿಡಿ, ಉರಿ ತಗ್ಗಿಸಿ ಹತ್ತು-ಹನ್ನೊಂದು ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಬಿಸಿನೀರಿನಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಅದು ಒಳಗೊಳಗೇ ಬೇಯುತ್ತಲೇ ಇರುತ್ತದೆ. ಕುದಿಯುವ ನೀರಿಗೆ ಹಾಕಿದ್ದರಿಂದ ಸಿಪ್ಪೆಯೂ ಸುಲಭವಾಗಿ ಬಿಡುತ್ತದೆ. ಆದರೂ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಬೇಕೆಂದರೆ ನಾನು ಪಡ್ಡು ಕಾವಲಿಯನ್ನೇ ಇಳಿಸುತ್ತೇನೆ. ಒಂದೊಂದು ಗುಂಡೂ ಎರಡು ತುತ್ತಿನಷ್ಟು, ಕೈಗೆ ಎಣ್ಣೆ ಅಂಟುವುದಿಲ್ಲ, ಹಳದಿ ಬೇರೆ ಬಿಳಿ ಬೇರೆ ಎಂದು ಆರಿಸಿ ಬಿಡಲು ಅವಕಾಶವೂ ಇಲ್ಲ.

ಮೂರು ಮೊಟ್ಟೆಗೆ ಎರಡು ದೊಡ್ಡ ಚಮಚ ತುರಿದ ಕ್ಯಾರೆಟ್, ಒಂದು ದೊಡ್ಡ ಚಮಚದಷ್ಟು ಸಣ್ಣಗೆ ಹೆಚ್ಚಿದ ಈರುಳ್ಳಿ, ಸ್ವಲ್ಪ ಕೊತ್ತಂಬರಿ, ಚಿಟಿಕೆ ಉಪ್ಪು, ಇನ್ನೊಂದು ಚಿಟಿಕೆ ಮೆಣಸಿನ ಪುಡಿ. ಇದಕ್ಕೆ ಒಂದು ದೊಡ್ಡ ಚಮಚ ದೋಸೆಹಿಟ್ಟು ಸೇರಿಸುವುದನ್ನು ಮರೆಯಬೇಡಿ, ದೋಸೆಹಿಟ್ಟಿಲ್ಲದಿದ್ದರೆ ಎರಡು ಸಣ್ಣ ಚಮಚ ಅಕ್ಕಿಹಿಟ್ಟು. ಮೊಟ್ಟೆ ಗಟ್ಟಿಯಾಗುವಾಗ ಒಳಗಿನ ನೀರನ್ನು ಹಿಂಡಿ ಹೊರಬಿಡುತ್ತದೆ, ಹಿಟ್ಟಿನ ಪಿಷ್ಟ ಆ ನೀರನ್ನು ಹಿಡಿದಿಡುತ್ತದೆ. ಡಬ್ಬಿಯ ತಳದಲ್ಲಿ ನೀರೂರಿ ಪಡ್ಡು ಪಿಚಪಿಚ ಎನ್ನದಂತೆ ಕಾಯುವುದು ಈ ಒಂದು ಚಮಚ ಹಿಟ್ಟೇ.

ಕಾವಲಿ ಕಾದ ಮೇಲೆ ಉರಿ ಸಣ್ಣದು ಮಾಡಿ, ಪ್ರತಿ ಗುಳಿಗೂ ನಾಲ್ಕೈದು ಹನಿ ಎಣ್ಣೆ ಬಿಡಿ. ಮಿಶ್ರಣವನ್ನು ಮುಕ್ಕಾಲು ಭಾಗ ಮಾತ್ರ ತುಂಬಿಸಿ, ಏಕೆಂದರೆ ಅದು ಉಬ್ಬುತ್ತದೆ. ಮುಚ್ಚಿ ಎರಡು ನಿಮಿಷ ಬಿಟ್ಟರೆ ಅಂಚು ಗುಳಿಯಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಆಗ ಕಡ್ಡಿಯಿಂದ ಮಗುಚಿ ಇನ್ನೊಂದು ನಿಮಿಷ ಬೇಯಿಸಬೇಕು. ಮೂರು ಮೊಟ್ಟೆಗೆ ಎಂಟು-ಹತ್ತು ಪಡ್ಡು ಆಗುತ್ತವೆ. ಉರಿ ಜೋರಾದರೆ ಅವು ಬಲೂನಿನಂತೆ ಉಬ್ಬಿ, ಇಳಿಸಿದೊಡನೆ ಸುಕ್ಕುಗಟ್ಟಿ ಕೂರುತ್ತವೆ, ಹೊರಗೆ ಕಂದು ಬಣ್ಣ ಬಂದರೂ ನಡುವೆ ಹಸಿಯಾಗಿಯೇ ಉಳಿದಿರುತ್ತವೆ. ಅನುಮಾನವಿದ್ದರೆ ಒಂದನ್ನು ಮುರಿದು ನೋಡಿ. ಒಳಗೆ ಹರಿಯುವ ದ್ರವ ಸ್ವಲ್ಪವೂ ಇರಬಾರದು.

ಇನ್ನು ಬಣ್ಣದ ಬುರ್ಜಿಯ ವಿಚಾರ. ಎಲ್ಲ ತರಕಾರಿಗಳನ್ನೂ ಒಟ್ಟಿಗೆ ಸುರಿದು ಕಾಮನಬಿಲ್ಲು ಮಾಡಬೇಕೆಂಬ ಆಸೆ ನಮ್ಮದೇ ಹೊರತು ಮಗುವಿನದಲ್ಲ. ಆರಿಸಿ ತಿನ್ನುವ ಮಕ್ಕಳು ಹೆಚ್ಚಾಗಿ ಹೆದರುವುದು ಕಲಸಿದ ತಿಂಡಿಗೆ, ಪ್ರತಿ ತುತ್ತಿನಲ್ಲೂ ಏನು ಸಿಗುತ್ತದೋ ಎಂಬ ಅನುಮಾನಕ್ಕೆ. ಅದಕ್ಕೇ ಒಂದು ದಿನಕ್ಕೆ ಒಂದೇ ಬಣ್ಣ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಕೇಸರಿ ಬಣ್ಣ ಎಲ್ಲಕ್ಕಿಂತ ಸುಲಭ. ಕ್ಯಾರೆಟ್‌ನ ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು. ನುಣ್ಣಗೆ ತುರಿದು ತುಪ್ಪದಲ್ಲಿ ಎರಡು ನಿಮಿಷ ಬಾಡಿಸಿದರೆ ತುಪ್ಪವೇ ಕೇಸರಿಯಾಗುತ್ತದೆ, ಅದರಲ್ಲಿ ಬೆಂದ ಮೊಟ್ಟೆಗೂ ಆ ಬಣ್ಣ ಹತ್ತುತ್ತದೆ. ಹಸಿರಿಗೆ ಪಾಲಕ್ ಎಲೆಗಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಚೆನ್ನಾಗಿ ಹಿಂಡಿ ರುಬ್ಬಿಕೊಳ್ಳಿ. ಎರಡು ಮೊಟ್ಟೆಗೆ ಒಂದು ದೊಡ್ಡ ಚಮಚ ಸಾಕು. ಹಿಂಡದೆ ಹಾಕಿದರೆ ಬುರ್ಜಿ ನೀರಾಗುತ್ತದೆ. ಕೆಂಪಿಗೆ ಟೊಮೆಟೊ ಬಳಸುವಾಗಲೂ ಇದೇ ಎಚ್ಚರ ಬೇಕು: ಬೀಜ ಮತ್ತು ರಸ ತೆಗೆದು ತಿರುಳನ್ನಷ್ಟೇ ಹಾಕಿ.

ನೇರಳೆ ಎಲೆಕೋಸಿನ ಕತೆ ಮಾತ್ರ ಬೇರೆ. ಅದರ ಬಣ್ಣ ಹುಳಿಯಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ನೀಲಿ-ಹಸಿರಾಗುತ್ತದೆ. ಮೊಟ್ಟೆಯ ಬಿಳಿ ಕ್ಷಾರಗುಣದ್ದು. ಹಾಗಾಗಿ ಹೇಳದೆ ಬುರ್ಜಿಗೆ ಹಾಕಿದರೆ ಕೆಟ್ಟುಹೋದಂತೆ ಕಾಣುವ ನೀಲಿ-ಹಸಿರು ಕಲೆಗಳು ಎದ್ದು, ಮಗು ತಟ್ಟೆ ದೂಡುವುದು ಖಚಿತ. ಆದರೆ ಅದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಟ್ಟಲಿನಲ್ಲಿರುವ ಬಿಳಿಗೆ ಎಲೆಕೋಸಿನ ನೇರಳೆ ರಸವನ್ನು ಹನಿಹನಿಯಾಗಿ ಬಿಡಲು ಹೇಳಿ. ಕಣ್ಣೆದುರೇ ಬಣ್ಣ ಬದಲಾಗುವುದನ್ನು ನೋಡಿದ ಮಗು ಆ ನೀಲಿ ಆಮ್ಲೆಟ್ಟನ್ನು ತಾನೇ ಕೇಳಿ ತಿನ್ನುವ ಸಾಧ್ಯತೆ ಹೆಚ್ಚು. ಹಸಿ ಮೊಟ್ಟೆ ಮುಟ್ಟಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಸುವುದನ್ನು ಬಿಡಬೇಡಿ.

ಬಣ್ಣ ಯಾವುದೇ ಇರಲಿ, ಬುರ್ಜಿ ಮೆತ್ತಗಿರಬೇಕಾದರೆ ಕೈ ನಿಧಾನವಾಗಬೇಕು. ರಸ್ತೆಬದಿಯ ಗಾಡಿಯಲ್ಲಿ ಜೋರು ಉರಿಯ ಮೇಲೆ ಟಕಟಕ ಕೊಚ್ಚುತ್ತಾರಲ್ಲ, ಆ ಪುಡಿ ಬುರ್ಜಿ ದೊಡ್ಡವರಿಗೆ ರುಚಿ, ಮಕ್ಕಳ ಬಾಯಿಗೆ ಒಣಗಿದ ಚೂರು. ಎರಡು ಮೊಟ್ಟೆಗೆ ಒಂದು ದೊಡ್ಡ ಚಮಚ ಹಾಲು ಸೇರಿಸಿ ಕಡೆದು, ಸಣ್ಣ ಉರಿಯ ಬಾಣಲೆಗೆ ಸುರಿಯಿರಿ. ಅಂಚು ಗಟ್ಟಿಯಾಗುವವರೆಗೆ ಮುಟ್ಟದೆ, ಆಮೇಲೆ ಮರದ ಸಟ್ಟುಗದಿಂದ ಅಂಚಿನಿಂದ ನಡುವಿಗೆ ತಳ್ಳುತ್ತಾ ಬನ್ನಿ. ದ್ರವವೆಲ್ಲ ಗಟ್ಟಿಯಾಗಿ, ಮೇಲೆ ಇನ್ನೂ ಹೊಳಪು ಇರುವಾಗಲೇ ತಟ್ಟೆಗೆ ಹಾಕಿದರೆ ದೊಡ್ಡ ದೊಡ್ಡ ಮೃದುವಾದ ತುಂಡುಗಳು ಸಿಗುತ್ತವೆ.

ದೋಸೆಯಲ್ಲೋ ಚಪಾತಿಹಿಟ್ಟಿನಲ್ಲೋ ಮೊಟ್ಟೆಯನ್ನು ಗುಟ್ಟಾಗಿ ಸೇರಿಸಿ ತಿನ್ನಿಸುವುದು ನನಗೆ ಒಪ್ಪಿಗೆಯಿಲ್ಲ. ಗೊತ್ತಾದ ದಿನ ಮಗು ದೋಸೆಯನ್ನೂ ಬಿಟ್ಟೀತು. ಹೊಸ ರುಚಿಗೆ ಮಕ್ಕಳು ಒಗ್ಗಲು ಎಂಟು-ಹತ್ತು ಸಲ, ಕೆಲವರಿಗೆ ಅದಕ್ಕೂ ಹೆಚ್ಚು ಸಲ ಬೇಕಾಗುತ್ತದೆ. ಇಷ್ಟದ ತಿಂಡಿಯ ಪಕ್ಕದಲ್ಲಿ ಒಂದೇ ಒಂದು ಪಡ್ಡು ಇಟ್ಟು, ತಿಂದರೂ ಬಿಟ್ಟರೂ ಮಾತಾಡದಿರುವುದೇ ಮೇಲು. ಆದರೆ ಮೊಟ್ಟೆ ತಿಂದಾಗಲೆಲ್ಲ ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ, ವಾಂತಿಯಾದರೆ ಅದು ಅಲರ್ಜಿ ಇರಬಹುದು. ಆಗ ಈ ಯಾವ ಪ್ರಯೋಗವನ್ನೂ ಮಾಡದೆ ವೈದ್ಯರಿಗೆ ತೋರಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಡಬ್ಬಿಗೆ ಹಾಕುವಾಗ ಪಡ್ಡುಗಳನ್ನು ತಟ್ಟೆಯಲ್ಲಿ ಹರಡಿ ಆರಲು ಬಿಡಿ. ಬಿಸಿಯಲ್ಲೇ ಮುಚ್ಚಳ ಹಾಕಿದರೆ ಹಬೆ ನೀರಾಗಿ ಇಳಿಯುತ್ತದೆ, ವಾಸನೆಯೂ ಒಳಗೇ ಉಳಿದು ತರಗತಿಯಲ್ಲಿ ಡಬ್ಬಿ ತೆರೆದಾಗ ಮಗುವಿಗೆ ಮುಜುಗರ. ನಮ್ಮ ಸೆಕೆಯಲ್ಲಿ ಬೆಂದ ಮೊಟ್ಟೆ ಹೊರಗೆ ಹೆಚ್ಚು ಹೊತ್ತು ಇರಬಾರದು. ಎರಡು ಗಂಟೆಯೊಳಗೆ ತಿನ್ನುವುದು ಕ್ಷೇಮ. ಎಂಟೂವರೆಗೆ ಮಾಡಿದ ಪಡ್ಡುವನ್ನು ಹತ್ತೂವರೆಯ ಸಣ್ಣ ಬಿಡುವಿಗೆ ಕೊಟ್ಟು, ಮಧ್ಯಾಹ್ನದ ಊಟದ ಡಬ್ಬಿಗೆ ಬೇರೆ ಏನನ್ನಾದರೂ ತುಂಬಿ. ಬುರ್ಜಿಯನ್ನು ಸಂಜೆ ಮಗು ಮನೆಗೆ ಬಂದ ಮೇಲೆ ಬಿಸಿಬಿಸಿಯಾಗಿ ಮಾಡಿಕೊಡಿ.