ತಗಾದೆಯಿಲ್ಲದ ಮಾತು

ಸಿರುಗುಪ್ಪದ ಆ ಹೆಣ್ಣುಮಗಳು ಪ್ರತಿ ಭಾನುವಾರ ಸಂಜೆ ಒಂದು ಅಡಿಗೆಯ ವಿಡಿಯೋ ಹಾಕುತ್ತಿದ್ದಳು. ಪುಂಡಿ ಪಲ್ಯ, ಜೋಳದ ನುಚ್ಚು, ಗುರೆಳ್ಳು ಪುಡಿ, ಶೇಂಗಾ ಹಿಂಡಿ. ಮೂರು ವರ್ಷ ಒಂದು ವಾರವೂ ತಪ್ಪಿಸಿರಲಿಲ್ಲ. ಒಂದು ಭಾನುವಾರ ಅಡಿಗೆಯ ಬದಲು ಎರಡೇ ಸಾಲು ಬಂತು: ‘ಭಾಳ ದಣಿದೀನಿ. ಸ್ವಲ್ಪ ದಿನ ವಿಡಿಯೋ ಹಾಕಂಗಿಲ್ಲ.’

ಬಳ್ಳಾರಿಯಿಂದ ಹೋಗಿ ಅವಳನ್ನು ಕಂಡೆ. ಏನಾಯಿತು ಎಂದು ಕೇಳಿದ್ದಕ್ಕೆ ಅವಳು ದಣಿವಿನ ಸುದ್ದಿ ತೆಗೆಯಲಿಲ್ಲ, ಒಗ್ಗರಣೆಯ ಸುದ್ದಿ ತೆಗೆದಳು. ಸಾಸಿವೆ ಚಟಚಟ ಅನ್ನುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಮಿಕ್ಸಿ ಶುರುವಾಗುತ್ತದೆ. ಆ ಸದ್ದು ಬೇಕೇ ಬೇಕು ಅಂತ ಮತ್ತೊಂದು ಸಲ ಎಣ್ಣೆ ಕಾಯಿಸಬೇಕು. ಬಿಸಿಲು ಏರಿದರೆ ಕಿಟಕಿಯ ಬೆಳಕು ಕಣ್ಣು ಕುಕ್ಕುತ್ತದೆ, ಅದಕ್ಕೇ ಒಂಬತ್ತರೊಳಗೆ ಎಲ್ಲ ಮುಗಿಯಬೇಕು. ಎಂಟು ನಿಮಿಷದ ವಿಡಿಯೋಕ್ಕೆ ಮೂರು ತಾಸು ಅಡಿಗೆಮನೆ. ಆಮೇಲೆ ಮಕ್ಕಳು ಮಲಗಿದ ಮೇಲೆ ಎರಡು ರಾತ್ರಿ ಫೋನಿನಲ್ಲೇ ಕತ್ತರಿಸಿ ಜೋಡಿಸುವ ಕೆಲಸ. ‘ಇಷ್ಟು ವರ್ಷದಾಗ ಭಾನುವಾರದ ಅಡಿಗಿ ಬಿಸಿ ಇದ್ದಾಗ ಉಂಡಿದ್ದು ನೆನಪಿಲ್ಲ ಅಣ್ಣ’ ಎಂದಳು.

ಈ ಸ್ಥಿತಿಗೆ ‘ಬರ್ನ್‌ಔಟ್’ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದಕ್ಕೆ ಮೂರು ಗುರುತು ಹೇಳಿತು: ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಮಾಡುವ ಕೆಲಸದ ಮೇಲೆಯೇ ಜಿಗುಪ್ಸೆ ಹುಟ್ಟುವುದು, ಎಷ್ಟು ಮಾಡಿದರೂ ತನ್ನ ಕೆಲಸ ಕೈಗೂಡುತ್ತಿಲ್ಲ ಅನ್ನಿಸುವುದು. ಇದು ಕಾಯಿಲೆಯಲ್ಲ, ದುಡಿಮೆಯ ಒತ್ತಡವನ್ನು ಬಹಳ ಕಾಲ ನಿಭಾಯಿಸಲಾಗದೆ ಬರುವ ಸ್ಥಿತಿ ಎಂದೂ ಸಂಸ್ಥೆ ಸ್ಪಷ್ಟಪಡಿಸಿದೆ. ಬರೀ ದಣಿವಾದರೆ ಎರಡು ದಿನ ಮಲಗಿ ಎದ್ದರೆ ಹೋಗುತ್ತದೆ. ಇವಳಿಗೆ ಪುಂಡಿ ಸೊಪ್ಪಿನ ಕಟ್ಟು ಕಂಡರೇ ಬೇಸರ ಬರುತ್ತಿತ್ತು. ಎರಡನೆಯ ಗುರುತು ಅದೇ.

ಅವಳು ಫೋನ್ ನನ್ನ ಕೈಗಿಟ್ಟಳು. ಬಂದಿದ್ದ ಸಂದೇಶಗಳಲ್ಲಿ ಬೈದವರು ಯಾರೂ ಇಲ್ಲ, ಎಲ್ಲ ಪ್ರೀತಿಯಿಂದಲೇ ಬರೆದಿದ್ದರು. ಆದರೂ ಅವನ್ನು ಓದಿ ಅವಳಿಗೆ ಎರಡು ರಾತ್ರಿ ನಿದ್ದೆ ಇಲ್ಲ.

ಅತಿ ಹೆಚ್ಚು ಬಂದದ್ದು ‘ಬೇಗ ಬಾ ಅಕ್ಕ, ಕಾಯ್ತಾ ಇರ್ತೀವಿ’. ಬರೆದವರಿಗೆ ಅದು ಅಕ್ಕರೆ. ಓದುವವಳಿಗೆ ಅದು ತಗಾದೆ. ಸಾಲ ಕೊಟ್ಟವನು ನಗುನಗುತ್ತಲೇ ಬಂದು ಕಟ್ಟೆಯ ಮೇಲೆ ಕೂತರೂ ಮನೆಯವರಿಗೆ ಅನ್ನ ಇಳಿಯುವುದಿಲ್ಲ. ‘ಬೇಗ’ ಎನ್ನುವ ಆ ಒಂದು ಮಾತಿನಿಂದ ಬಿಡುವಿಗೂ ಒಂದು ಗಡುವು ಬಿತ್ತು. ಆಮೇಲಿನವು ಸಲಹೆಗಳು: ಯೋಗ ಮಾಡಿ, ಬೆಳಿಗ್ಗೆ ಬೇಗ ಏಳಿ, ಎಡಿಟಿಂಗಿಗೆ ಆಳು ಇಟ್ಟುಕೊಳ್ಳಿ. ದಣಿದವಳ ಪಟ್ಟಿಗೆ ಅವು ಇನ್ನೂ ಮೂರು ಕೆಲಸ ಸೇರಿಸಿದವು. ‘ನಿಮ್ಮಂಥ ಗಟ್ಟಿ ಹೆಣ್ಣುಮಕ್ಕಳು ಹಿಂಗಂದ್ರ ಹೆಂಗ’ ಎಂಬ ಹೊಗಳಿಕೆಯೂ ಇತ್ತು. ಅದನ್ನು ಓದಿ ಅವಳು ಅತ್ತಳಂತೆ.

ಹಾಗಾದರೆ ಯಾವ ಮಾತು ಹಗುರ ಮಾಡಿತು? ಒಂದೇ ಒಂದನ್ನು ಅವಳು ತೆಗೆದಿಟ್ಟಿದ್ದಳು. ಕುರುಗೋಡಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಬರೆದದ್ದು:

‘ತಂಗಿ, ಪುಂಡಿ ಸೊಪ್ಪು ಬೇಯಿಸಿದ ಮೊದಲ ನೀರು ಬಸಿದರ ಹುಳಿ ಹದಕ್ಕ ಬರ್ತೈತಿ ಅಂತ ನೀ ತೋರಿಸಿದ್ದಿ. ನಮ್ಮನಿಯಾಕಿ ಹೋದ ಮ್ಯಾಲ ಅಡಿಗಿ ನಾನೇ ಮಾಡ್ಕೋತೀನಿ. ಹಳೇ ವಿಡಿಯೋ ಅದಾವಲ್ಲ, ನನಗ ಅವೇ ಸಾಕಷ್ಟು ಅದಾವು. ನೀ ಆರಾಮ ಇರು. ಇದಕ್ಕ ಉತ್ತರ ಬರೀಬ್ಯಾಡ.’

ಇದರಲ್ಲಿ ಏನಿದೆ ಎಂದು ಬಿಡಿಸಿ ನೋಡಿ. ‘ನಿಮ್ಮ ವಿಡಿಯೋ ಸೂಪರ್’ ಎನ್ನದೆ, ನೀರು ಬಸಿಯುವ ಒಂದು ಸಣ್ಣ ಸಂಗತಿಯನ್ನು ಅವರು ಹೆಸರಿಟ್ಟು ಹೇಳಿದ್ದಾರೆ. ನನ್ನ ಕೆಲಸದಿಂದ ಏನೂ ಆಗುತ್ತಿಲ್ಲ ಎನ್ನುವ ಮೂರನೆಯ ಗುರುತಿಗೆ ನೇರ ಉತ್ತರ ಅದು. ಸಾಧಾರಣ ಹೊಗಳಿಕೆಯನ್ನು ದಣಿದ ಮನಸ್ಸು ನಂಬುವುದಿಲ್ಲ, ಒಬ್ಬರ ಒಲೆಯ ಮೇಲೆ ನಿಜವಾಗಿ ನಡೆದದ್ದನ್ನು ತಳ್ಳಿಹಾಕಲಾರದು. ‘ಹಳೇವು ಸಾಕಷ್ಟು ಅದಾವು’ ಎಂದಾಗ ಬಾಕಿ ತೀರಿತು, ಅವಳು ಯಾರಿಗೂ ಏನೂ ಕೊಡಬೇಕಾಗಿಲ್ಲ. ಕೊನೆಯ ಸಾಲಂತೂ ಎಲ್ಲಕ್ಕಿಂತ ಜಾಣತನದ್ದು. ನೂರಾರು ಜನಕ್ಕೆ ‘ಥ್ಯಾಂಕ್ಸ್ ರೀ’ ಎಂದು ಬರೆಯುವುದೂ ಕೆಲಸವೇ. ಮೇಷ್ಟ್ರು ತಮ್ಮ ಪಾಲಿನದನ್ನು ಮನ್ನಾ ಮಾಡಿದರು.

ಆದರೆ ಅವಳ ಒಂದು ಭಯವನ್ನು ಮೇಷ್ಟ್ರ ಮಾತೂ ಮುಟ್ಟಿರಲಿಲ್ಲ: ‘ಬಿಟ್ಟರ ಚಾನೆಲ್ಲು ಬಿದ್ದುಹೋಗ್ತೈತಿ.’ ಇದಕ್ಕೆ ಸಮಾಧಾನ ಕೆಲಸ ಮಾಡುವುದಿಲ್ಲ, ಮಾಹಿತಿ ಬೇಕು. ಯೂಟ್ಯೂಬಿನ ಅಂದಿನ ಮುಖ್ಯಸ್ಥೆ ಸೂಸನ್ ವೊಜಿಸ್ಕಿ 2019ರ ನವೆಂಬರಿನಲ್ಲಿ ಇದೇ ಅಂಜಿಕೆಯ ಬಗ್ಗೆ ಬರೆದಿದ್ದರು. ಲಕ್ಷಾಂತರ ಚಾನೆಲ್‌ಗಳನ್ನು ಪರಿಶೀಲಿಸಿದಾಗ, ಬಿಡುವಿಗೆ ಮುಂಚೆ ಇದ್ದದ್ದಕ್ಕಿಂತ ಮರಳಿ ಬಂದ ಮೇಲೆ ಸರಾಸರಿ ವೀಕ್ಷಣೆ ಹೆಚ್ಚೇ ಇತ್ತು ಎಂದಿದ್ದರು. ಇದು ಸರಾಸರಿಯ ಮಾತು, ಪ್ರತಿಯೊಬ್ಬರಿಗೂ ಕೊಟ್ಟ ಭರವಸೆಯಲ್ಲ. ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ವಿಡಿಯೋ ಆಗಲಿ ಪೋಸ್ಟ್ ಆಗಲಿ ಹಾಕದ ಚಾನೆಲ್‌ನ ಆದಾಯ ನಿಲ್ಲಿಸುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆ. ಅಷ್ಟರೊಳಗೆ ಒಂದು ಸಾಲಿನ ಪೋಸ್ಟ್ ಹಾಕಿದರೂ ನಡೆಯುತ್ತದೆ. ಇದನ್ನು ಹೇಳಿದಾಗ ಅವಳು ಬೆರಳು ಮಡಿಸಿ ತಿಂಗಳು ಎಣಿಸಿದಳು. ‘ದೀಪಾವಳಿ ತನಕ ಯಾರೂ ಕೇಳಂಗಿಲ್ಲ ಹಂಗಾದ್ರ’ ಎಂದು ಮೊದಲ ಸಲ ನಕ್ಕಳು.

ಮಾತಿಗೂ ಒಂದು ಮಿತಿ ಇದೆ. ಕೆಲಸ ಬಿಟ್ಟು ವಾರಗಳಾದರೂ ನಿದ್ದೆ ಬಾರದಿದ್ದರೆ, ಮಕ್ಕಳ ಜೊತೆಯೂ ಮಾತು ಬೇಡವಾದರೆ, ಬದುಕೇ ಸಾಕು ಅನ್ನಿಸಿದರೆ ಅದು ದುಡಿಮೆಯ ದಣಿವನ್ನು ದಾಟಿದೆ ಎಂದರ್ಥ. ಆಗ ಸಂದೇಶ ಸಾಲದು, ಜೊತೆಗೆ ಕರೆದುಕೊಂಡು ಹೋಗಬೇಕು. ಈ ವಿಷಯದಲ್ಲಿ ಬಳ್ಳಾರಿಗೆ ಒಂದು ಚರಿತ್ರೆಯೇ ಇದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು ಮೊದಲು ಪ್ರಯೋಗಿಸಿದ್ದು ಇದೇ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ನೊಂದವರನ್ನು ಊರಲ್ಲೇ ಗುರುತಿಸಿ ಅಲ್ಲೇ ಚಿಕಿತ್ಸೆ ಕೊಡುವ ಏರ್ಪಾಡು ಅದು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾಗಿ, 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಈಗ ಫೋನಿನಲ್ಲೂ ದಾರಿ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಯಾವಾಗಲಾದರೂ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಹೆಣ್ಣುಮಗಳಿಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ನಾನು ಏನು ಬರೆದು ಕಳಿಸಲಿ ಎಂದು ಬಳ್ಳಾರಿಗೆ ವಾಪಸ್ಸಾಗುವ ಬಸ್ಸಿನಲ್ಲಿ ಬಹಳ ಯೋಚಿಸಿದೆ. ಬರೆದದ್ದೆಲ್ಲ ಕೊನೆಗೆ ಏನಾದರೊಂದು ಕೇಳುವಂತೆಯೇ ಆಗುತ್ತಿತ್ತು, ಅಳಿಸಿದೆ. ‘ಗುರೆಳ್ಳು ಪುಡಿಗೆ ಬೆಳ್ಳುಳ್ಳಿ ಕೊನೆಗೆ ಹಾಕಬೇಕೆಂದು ನಮ್ಮ ಮನೆಯಲ್ಲೂ ಈಗ ಗೊತ್ತು. ಉತ್ತರ ಬೇಡ’ ಎಂದಷ್ಟೇ ಕಳಿಸಿದೆ.

ಮೂರು ವಾರ ಉತ್ತರ ಬರಲಿಲ್ಲ. ಆಮೇಲೊಂದು ಭಾನುವಾರ ಮಧ್ಯಾಹ್ನ ಫೋನ್ ಮಾಡಿದಳು. ವಿಡಿಯೋದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

‘ಪುಂಡಿ ಪಲ್ಯ ಮಾಡಿದ್ದೆ ಅಣ್ಣ’ ಎಂದಳು. ‘ಬಿಸಿ ಬಿಸಿ ಉಂಡೆ.’