ಊದಿದರೆ ಹಾಳೆ ಏಳುವುದೇಕೆ?

ಹಾಳೆಯ ಒಂದು ಅಂಚನ್ನು ಕೆಳತುಟಿಗೆ ತಾಗಿಸಿ ಹಿಡಿದರೆ ಇನ್ನೊಂದು ತುದಿ ಜೋತುಬೀಳುತ್ತದೆ. ಈಗ ಹಾಳೆಯ ಮೇಲ್ಭಾಗದಲ್ಲಿ ಜೋರಾಗಿ ಊದಿ. ಜೋತಿದ್ದ ತುದಿ ಎದ್ದು ನಿಲ್ಲುತ್ತದೆ. ವಿಜ್ಞಾನ ಮೇಳಗಳಲ್ಲಿ ಇದು ಕಾಯಂ ಪ್ರಯೋಗ, ಪಕ್ಕದ ರಟ್ಟಿನ ಮೇಲೆ ಬರೆದಿರುವ ವಿವರಣೆಯೂ ಕಾಯಂ: ‘ಗಾಳಿ ವೇಗವಾಗಿ ಹರಿದಲ್ಲಿ ಒತ್ತಡ ಕಡಿಮೆ. ಆದ್ದರಿಂದ ಕೆಳಗಿನ ಗಾಳಿ ಹಾಳೆಯನ್ನು ಮೇಲಕ್ಕೆ ತಳ್ಳುತ್ತದೆ. ಇದೇ ಬರ್ನೌಲಿ ತತ್ತ್ವ.’

ಪ್ರಯೋಗ ಸರಿ. ವಿವರಣೆ ಅರ್ಧ ಸರಿ, ಉಳಿದರ್ಧ ದಾರಿ ತಪ್ಪಿಸುವಂಥದ್ದು. ಎಲ್ಲಿ ತಪ್ಪುತ್ತದೆ ಎಂಬುದು ವಾದ ಮಾಡಿದರೇ ಚೆನ್ನಾಗಿ ಗೊತ್ತಾಗುವುದರಿಂದ, ಮೊದಲ ಪಿಯುಸಿ ಓದುವ ಇಬ್ಬರು ಗೆಳತಿಯರನ್ನು ಕಲ್ಪಿಸಿಕೊಂಡು ಅವರ ಬಾಯಿಂದಲೇ ಹೇಳಿಸುತ್ತಿದ್ದೇನೆ. ವಾಣಿ ಪುಸ್ತಕದಲ್ಲಿರುವುದನ್ನು ಸುಲಭಕ್ಕೆ ಬಿಟ್ಟುಕೊಡುವವಳಲ್ಲ. ಸೌಮ್ಯ ಮಾಡಿನೋಡದೆ ಒಪ್ಪುವವಳಲ್ಲ.

ವಾಣಿ: ಇದರಲ್ಲಿ ಯೋಚನೆ ಮಾಡೋಕೆ ಏನಿದೆಯೇ? ಮೇಲೆ ಗಾಳಿ ಓಡ್ತಿದೆ, ಕೆಳಗೆ ನಿಂತಿದೆ. ಓಡೋ ಗಾಳಿಗೆ ಒತ್ತಡ ಕಮ್ಮಿ. ಹಾಳೆ ಎದ್ದೇಳುತ್ತೆ. ಮುಗೀತು.

ಸೌಮ್ಯ: ಹಾಗಾದ್ರೆ ಹಾಳೆಯ ಕೆಳಗಡೆ ಊದಿದರೆ ಅದು ಇನ್ನೂ ಕೆಳಕ್ಕೆ ಹೋಗಬೇಕು ತಾನೆ? ಊದು ನೋಡೋಣ.

ವಾಣಿ: (ಊದಿ) ಈಗಲೂ ಮೇಲಕ್ಕೇ ಬಂತು. ಅದು ಬಿಡು, ಜೋತುಬಿದ್ದಿರೋ ಹಾಳೆಗೆ ಗಾಳಿ ನೇರ ಬಡಿಯುತ್ತಲ್ಲ, ಅದಕ್ಕೇ ತಳ್ಳಿತು. ನಿನ್ನ ಪರೀಕ್ಷೆ ಸರಿಯಿಲ್ಲ.

ಸೌಮ್ಯ: ಸರಿ, ಬಡಿಯದ ಹಾಗೆ ಮಾಡೋಣ. ಹಾಳೇನ ಎರಡು ಕೈಯಲ್ಲಿ ಮೇಲಿನ ಅಂಚು ಹಿಡಿದು ನೆಟ್ಟಗೆ ತೂಗುಬಿಡ್ತೀನಿ. ನೀನು ಸ್ಟ್ರಾ ಇಟ್ಟುಕೊಂಡು ಮೇಲಿಂದ ಕೆಳಕ್ಕೆ, ಹಾಳೆಗೆ ಸಮಾನಾಂತರವಾಗಿ, ಒಂದೇ ಪಕ್ಕದಲ್ಲಿ ಊದು. ಒಂದು ಕಡೆ ಓಡೋ ಗಾಳಿ, ಇನ್ನೊಂದು ಕಡೆ ನಿಂತ ಗಾಳಿ. ನೀನು ಹೇಳಿದ್ದೆಲ್ಲ ಇಲ್ಲಿದೆ.

ವಾಣಿ: ಅಲುಗಾಡ್ತು... ಆದರೆ ಗಾಳಿ ಇರೋ ಕಡೆಗೆ ಎದ್ದು ಬರಲೇ ಇಲ್ಲ.

ಈ ಪರೀಕ್ಷೆ ಹೊಸದೇನಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಹೋಲ್ಗರ್ ಬಾಬಿನ್ಸ್ಕಿ 2003ರಲ್ಲಿ ವಿಮಾನದ ರೆಕ್ಕೆ ಹೇಗೆ ಕೆಲಸ ಮಾಡುತ್ತದೆಂದು ಶಿಕ್ಷಕರಿಗಾಗಿ ಬರೆದ ಲೇಖನದಲ್ಲಿ, ಹಾಳೆಯ ಪ್ರಯೋಗದ ಜನಪ್ರಿಯ ವಿವರಣೆಯನ್ನು ಇದೇ ರೀತಿ ತೂಗುಬಿಟ್ಟ ಹಾಳೆಯಿಂದ ಅಲ್ಲಗಳೆದರು. ಮನೆಯಲ್ಲಿ ಮಾಡುವಾಗ ಒಂದು ಎಚ್ಚರ ಬೇಕು. ಹಾಳೆ ಒಂಚೂರು ಸುರುಳಿದ್ದರೂ ಫಲಿತಾಂಶ ಕೆಡುತ್ತದೆ. ಆದರೆ ಕೆಡುವ ಬಗೆಯಲ್ಲೇ ಉತ್ತರವಿದೆ. ಅದನ್ನು ಸೌಮ್ಯ ಬೇಕೆಂದೇ ಕೆಡಿಸುತ್ತಾಳೆ.

ಸೌಮ್ಯ: ಈಗ ಇದೇ ಹಾಳೆಯ ಕೆಳತುದೀನ ಪೆನ್ಸಿಲ್‌ಗೆ ಸುತ್ತಿ ಬಿಟ್ಟೆ. ನೋಡು, ಕೆಳಭಾಗ ನನ್ನ ಕಡೆ ಬಾಗಿದೆ. ನಿನ್ನ ಕಡೆ ಉಬ್ಬು, ನನ್ನ ಕಡೆ ತಗ್ಗು. ಮೊದಲು ಉಬ್ಬಿನ ಕಡೆ ಊದು.

ವಾಣಿ: ಹಾಳೆ ಗಾಳಿ ಕಡೆಗೇ ಬಂತು! ನಾನು ಹೇಳಿರಲಿಲ್ವಾ?

ಸೌಮ್ಯ: ತಡಿ. ಈಗ ತಗ್ಗಿನ ಕಡೆಯಿಂದ, ಅಷ್ಟೇ ಜೋರಾಗಿ ಊದು.

ವಾಣಿ: ಗಾಳಿಯಿಂದ ದೂರ ಹೋಯ್ತು. ಅಂದ್ರೆ... ಎರಡು ಸಲವೂ ಹಾಳೆ ಹೋಗಿದ್ದು ಒಂದೇ ದಿಕ್ಕಿಗೆ. ಯಾವ ಕಡೆ ಊದಿದರೂ ಬಾಗಿದ್ದು ನೆಟ್ಟಗಾಗ್ತಿದೆ ಅಷ್ಟೇ.

ಸೌಮ್ಯ: ಅಷ್ಟೇ ಕಣೆ. ತುಟಿಗೆ ಹಿಡಿದ ಹಾಳೇಲೂ ಆಗಿದ್ದು ಅದೇ. ಮೇಲೆ ಊದಿದಾಗಲೂ ಎದ್ದಿತು, ಕೆಳಗೆ ಊದಿದಾಗಲೂ ಎದ್ದಿತು. ಎರಡರಲ್ಲೂ ವೇಗ ಒಂದೇ. ವೇಗವೊಂದೇ ಕಾರಣ ಆಗಿದ್ದರೆ ಎರಡು ಸಲವೂ ಗಾಳಿ ಕಡೆಗೇ ಬರಬೇಕಿತ್ತು.

ಇಲ್ಲಿಗೆ ವಾದದ ದಿಕ್ಕು ಬದಲಾಯಿತು. ಕೇಳಬೇಕಾದ್ದು ಗಾಳಿ ಎಷ್ಟು ವೇಗವಾಗಿ ಹೋಯಿತು ಎಂದಲ್ಲ, ಹೋಗುತ್ತ ಬಾಗಿತೇ, ಬಾಗಿದ್ದರೆ ಯಾವ ಕಡೆಗೆ ಎಂದು. ಹಗ್ಗಕ್ಕೆ ಕಟ್ಟಿ ತಿರುಗಿಸುವ ಕಲ್ಲು ಸುತ್ತುತ್ತಿರಬೇಕಾದರೆ ಹಗ್ಗ ಅದನ್ನು ಒಳಕ್ಕೆ ಎಳೆಯುತ್ತಲೇ ಇರಬೇಕು. ಬಾಗಿ ಹರಿಯುವ ಗಾಳಿಗೂ ಒಳಮುಖವಾದ ಬಲ ಬೇಕು, ಆದರೆ ಗಾಳಿಗೆ ಹಗ್ಗವಿಲ್ಲ. ಆ ಬಲ ಬರುವುದು ಒತ್ತಡದ ವ್ಯತ್ಯಾಸದಿಂದ ಮಾತ್ರ. ಬಾಗಿನ ಹೊರಗಡೆ ಒತ್ತಡ ಹೆಚ್ಚು, ಒಳಗಡೆ ಕಡಿಮೆ ಇದ್ದರೆ ಗಾಳಿ ಒಳಕ್ಕೆ ತಿರುಗುತ್ತದೆ. ತುಟಿಯ ಹಾಳೆಯ ಮೇಲೆ ಊದಿದಾಗ ಗಾಳಿ ಹಾಳೆಯ ಉಬ್ಬನ್ನು ಅನುಸರಿಸಿ ಕೆಳಕ್ಕೆ ಬಾಗುತ್ತದೆ. ಬಾಗಿನ ಹೊರಗಡೆ ಇರುವುದು ಕೋಣೆಯ ಗಾಳಿ, ಅಲ್ಲಿ ಮಾಮೂಲಿ ವಾತಾವರಣದ ಒತ್ತಡ. ಒಳಗಡೆ ಇರುವುದು ಹಾಳೆಯ ಮೇಲ್ಮೈ, ಅಲ್ಲಿ ಒತ್ತಡ ಅದಕ್ಕಿಂತ ಕಡಿಮೆ. ಹಾಳೆಯ ಅಡಿಯಲ್ಲಿ ಮತ್ತೆ ಮಾಮೂಲಿ ಒತ್ತಡ. ಹಾಳೆ ಏಳಲೇಬೇಕು. ತಗ್ಗಿನ ಕಡೆ ಊದಿದಾಗ ಹಾಳೆಯೇ ಬಾಗಿನ ಹೊರಗಡೆ ಇರುತ್ತದೆ. ಅಲ್ಲಿ ಒತ್ತಡ ಏರಿ ಹಾಳೆಯನ್ನು ಆಚೆಗೆ ತಳ್ಳುತ್ತದೆ.

ವಾಣಿ: ಒಪ್ಪಿದೆ. ಆದರೆ ಬಾಯಿಂದ ಊದಿದ ಗಾಳಿ ಸ್ವಲ್ಪ ಬಾಗಿದ್ದಕ್ಕೆ ಒಂದು ಹಾಳೇನ ಎತ್ತೋವಷ್ಟು ಬಲ ಬರುತ್ತಾ?

ಸೌಮ್ಯ: ಲೆಕ್ಕ ಹಾಕೋಣ. ಜೆರಾಕ್ಸ್ ಪೇಪರ್ ಪೊಟ್ಟಣದ ಮೇಲೆ 80 ಜಿಎಸ್‌ಎಂ ಅಂತ ಇರುತ್ತೆ. ಅಂದ್ರೆ ಒಂದು ಚದರ ಮೀಟರ್‌ಗೆ 80 ಗ್ರಾಂ. ಎ4 ಹಾಳೆ ಪೂರ್ತಿ 5 ಗ್ರಾಂ. ಅದನ್ನ ಎತ್ತಿ ಹಿಡಿಯೋಕೆ ಬೇಕಾಗಿರೋ ಒತ್ತಡದ ವ್ಯತ್ಯಾಸ 0.8 ಪಾಸ್ಕಲ್. ವಾತಾವರಣದ ಒತ್ತಡ ಎಷ್ಟು?

ವಾಣಿ: ಸಮುದ್ರಮಟ್ಟದಲ್ಲಿ ಒಂದು ಲಕ್ಷದ ಮೇಲೆ ಸ್ವಲ್ಪ. ಅಂದ್ರೆ ಲಕ್ಷಕ್ಕೆ ಒಂದು ಪಾಲೂ ಬೇಡ!

ಬಾಗಿದ ಹರಿವಿನಿಂದ ಬರುವ ಒತ್ತಡದ ವ್ಯತ್ಯಾಸವನ್ನು ಅಂದಾಜು ಮಾಡುವುದು ಸುಲಭ. ಗಾಳಿಯ ಸಾಂದ್ರತೆಯನ್ನು ವೇಗದ ವರ್ಗದಿಂದಲೂ ಹರಿವಿನ ದಪ್ಪದಿಂದಲೂ ಗುಣಿಸಿ, ಬಾಗಿನ ತ್ರಿಜ್ಯದಿಂದ ಭಾಗಿಸಬೇಕು. ಗಾಳಿಯ ಸಾಂದ್ರತೆ ಘನ ಮೀಟರ್‌ಗೆ ಸುಮಾರು 1.2 ಕಿಲೋ. ಉಸಿರಿನ ವೇಗ ಸೆಕೆಂಡಿಗೆ 5 ಮೀಟರ್, ಹರಿವಿನ ದಪ್ಪ 1 ಸೆಂಟಿಮೀಟರ್, ಬಾಗಿನ ತ್ರಿಜ್ಯ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಸಿಗುವುದು 3 ಪಾಸ್ಕಲ್. ಬೇಕಾದ್ದರ ನಾಲ್ಕು ಪಟ್ಟು. ಉಸಿರು ಹಾಳೆಯ ಪೂರ್ತಿ ಅಗಲವನ್ನು ಆವರಿಸುವುದಿಲ್ಲ, ಮುಂದೆ ಹೋದಂತೆ ನಿಧಾನವೂ ಆಗುತ್ತದೆ. ಹಾಗಾಗಿ 5 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿಕೊಂಡರೆ ಪ್ರಯೋಗ ಚೆನ್ನಾಗಿ ಬರುತ್ತದೆ.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಪಟ್ಟಿ ಏಳುತ್ತಿದ್ದಂತೆ ಬಾಗು ಕಡಿಮೆಯಾಗುತ್ತದೆ, ಅಂದರೆ ತ್ರಿಜ್ಯ ಹಿಗ್ಗುತ್ತದೆ, ಎತ್ತುವ ಬಲ ಕುಗ್ಗುತ್ತದೆ. ತ್ರಿಜ್ಯ ಸುಮಾರು 40 ಸೆಂಟಿಮೀಟರ್ ಆದಾಗ ಬಲವೂ ತೂಕವೂ ಸರಿಸಮ. ಪಟ್ಟಿ ಮಟ್ಟವಾಗುವ ಹೊತ್ತಿಗೆ ಪಟಪಟ ಬಡಿದುಕೊಳ್ಳುತ್ತ ನಿಲ್ಲುವುದನ್ನು, ಅದನ್ನೂ ದಾಟಿ ಮೂಗಿನ ಕಡೆ ಮಡಚಿಕೊಳ್ಳದಿರುವುದನ್ನು ನೀವೇ ನೋಡಬಹುದು. ‘ಓಡುವ ಗಾಳಿಗೆ ಒತ್ತಡ ಕಡಿಮೆ’ ಎಂಬುದೇ ನಿಜವಾಗಿದ್ದರೆ ಅದು ಅಲ್ಲಿ ನಿಲ್ಲಬೇಕಾಗಿರಲಿಲ್ಲ.

ವಾಣಿ: ಯಾಕೆ? ಬರ್ನೌಲಿ ಸೂತ್ರ ಹಾಕಿದರೆ ಎಷ್ಟು ಬರುತ್ತೆ?

ಸೌಮ್ಯ: ಅರ್ಧ ಗುಣಿಸು 1.2, ಗುಣಿಸು 5ರ ವರ್ಗ. 15 ಪಾಸ್ಕಲ್. ಹಾಳೆ ತೂಕದ ಹತ್ತೊಂಬತ್ತು ಪಟ್ಟು. ಬಾಗು ಇರಲಿ ಬಿಡಲಿ, ಊದುತ್ತಿರೋವರೆಗೂ ಅಷ್ಟು ಬಲ ಇರಬೇಕಿತ್ತು. ತೂಗುಬಿಟ್ಟ ಹಾಳೆ ಎದ್ದುಹೋಗಬೇಕಿತ್ತು.

ವಾಣಿ: ಹಾಗಾದ್ರೆ ಬರ್ನೌಲಿ ತತ್ತ್ವವೇ ಸುಳ್ಳಾ?

ಅಲ್ಲ. ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ ‘ಹೈಡ್ರೊಡೈನಮಿಕಾ’ದಿಂದ ಬೆಳೆದ ಆ ತತ್ತ್ವಕ್ಕೆ ಏನೂ ಆಗಿಲ್ಲ. ಅದನ್ನು ಎಲ್ಲಿ ಬಳಸಬೇಕೆಂಬ ಷರತ್ತನ್ನು ನಾವು ಕೈಬಿಟ್ಟಿದ್ದೇವೆ. ಒಂದೇ ಹರಿವಿನ ಗೆರೆಯಗುಂಟ, ಹೊರಗಿನಿಂದ ಶಕ್ತಿ ಸೇರದೆ, ಘರ್ಷಣೆಯಲ್ಲಿ ಶಕ್ತಿ ಸೋರದೆ ಹೋಗುವ ಗಾಳಿಗೆ ಅದು ಅನ್ವಯಿಸುತ್ತದೆ. ಬಾಯಿಂದ ಬಂದ ಗಾಳಿಗೆ ಎದೆಯ ಸ್ನಾಯುಗಳು ಶಕ್ತಿ ತುಂಬಿವೆ. ಕೋಣೆಯಲ್ಲಿ ನಿಂತಿರುವ ಗಾಳಿಗೆ ಯಾರೂ ತುಂಬಿಲ್ಲ. ಇವೆರಡನ್ನು ಒಂದೇ ಸಮೀಕರಣದ ಎರಡು ಬದಿಗೆ ಇಟ್ಟದ್ದೇ ತಪ್ಪು.

ನನಗೆ ಇಡೀ ವಾದದಲ್ಲಿ ಹೆಚ್ಚು ಇಷ್ಟವಾಗುವುದು ಆ 15 ಪಾಸ್ಕಲ್‌ನ ಗತಿ. ಅದು ಸುಳ್ಳು ಸಂಖ್ಯೆಯಲ್ಲ, ತಪ್ಪು ಜಾಗದಲ್ಲಿ ಕೂತ ಸಂಖ್ಯೆ. ಊದುವಾಗ ಬಾಯೊಳಗಿನ ಒತ್ತಡ ಕೋಣೆಗಿಂತ ಕನಿಷ್ಠ ಅಷ್ಟು ಹೆಚ್ಚಿರುತ್ತದೆ. ತುಟಿ ದಾಟುವಾಗ ಆ ಹೆಚ್ಚುವರಿ ಒತ್ತಡ ಖರ್ಚಾಗಿ ವೇಗವಾಗುತ್ತದೆ. ಬರ್ನೌಲಿ ಹೇಳುವ ಇಳಿಕೆ ನಡೆದುಹೋಗುವುದು ಅಲ್ಲೇ. ಹೊರಬಂದ, ಯಾವ ಗೋಡೆಗೂ ಸಿಗದ ಗಾಳಿಯ ಧಾರೆಯೊಳಗಿನ ಒತ್ತಡ ಸುತ್ತಲಿನ ಗಾಳಿಯಷ್ಟೇ ಇರುತ್ತದೆ. ಇನ್ನು, ಹಾಳೆಯ ಉಬ್ಬಿನ ಬಳಿ ಒತ್ತಡ ಇಳಿದ ಜಾಗಕ್ಕೆ ಬಂದ ಗಾಳಿ ಇನ್ನಷ್ಟು ವೇಗ ಪಡೆಯುತ್ತದೆ, ನಿಜ. ಆದರೆ ಅಲ್ಲಿ ಒತ್ತಡ ಇಳಿದದ್ದರಿಂದ ವೇಗ ಬಂತೇ ಹೊರತು, ವೇಗ ಬಂದದ್ದರಿಂದ ಒತ್ತಡ ಇಳಿಯಲಿಲ್ಲ.

ವಾಣಿ: ಒಂದು ಪ್ರಶ್ನೆ ಉಳೀತು. ಗಾಳಿ ನೇರವಾಗಿ ಹೋಗಿಬಿಡಬಹುದಿತ್ತಲ್ಲ. ಹಾಳೆ ಬಾಗಿದೆ ಅಂತ ಅದ್ಯಾಕೆ ಬಾಗಬೇಕು?

ಪ್ರಶ್ನೆ ಅಂದರೆ ಇದು. ಹರಿಯುವ ಗಾಳಿ ಒಂಟಿಯಾಗಿ ಹೋಗುವುದಿಲ್ಲ, ಅಕ್ಕಪಕ್ಕದ ನಿಂತ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಧಾರೆಯ ಮೇಲ್ಬದಿಯಲ್ಲಿ ಹಾಗೆ ಹೋದ ಗಾಳಿಯ ಜಾಗವನ್ನು ಕೋಣೆಯ ಗಾಳಿ ತುಂಬುತ್ತದೆ. ಕೆಳಬದಿಯಲ್ಲಿ, ಧಾರೆಗೂ ಹಾಳೆಗೂ ನಡುವಿನ ಸಂದಿನಲ್ಲಿ, ತುಂಬಲು ದಾರಿ ಕಿರಿದು. ಅಲ್ಲಿ ಒತ್ತಡ ಇಳಿಯುತ್ತದೆ, ಧಾರೆ ಹಾಳೆಗೆ ಅಂಟಿಕೊಳ್ಳುತ್ತದೆ, ಅಂಟಿದ ಮೇಲೆ ಅದರ ಬಾಗನ್ನೇ ಅನುಸರಿಸುತ್ತದೆ. ಇಂಗ್ಲೆಂಡಿನ ಥಾಮಸ್ ಯಂಗ್ 1800ರಲ್ಲೇ ಇದನ್ನು ವರ್ಣಿಸಿದ್ದರೂ, 1930ರ ದಶಕದಲ್ಲಿ ಪೇಟೆಂಟ್ ಪಡೆದ ರೊಮೇನಿಯಾದ ಆನ್ರಿ ಕೊಆಂಡಾ ಹೆಸರೇ ಉಳಿದು ಇದು ‘ಕೊಆಂಡಾ ಪರಿಣಾಮ’ವಾಯಿತು. ಬಾಗು ತೀರಾ ಕಡಿದಾದರೆ ಧಾರೆ ಬಿಟ್ಟುಕೊಳ್ಳುತ್ತದೆ. ಹಾಳೆಯನ್ನು ಚೂಪಾಗಿ ಮಡಚಿ ಊದಿದರೆ ಅದು ಅಷ್ಟು ಸಲೀಸಾಗಿ ಏಳದಿರುವುದು ಇದಕ್ಕೇ.

ವಾಣಿಯ ಬತ್ತಳಿಕೆಯಲ್ಲಿ ವಿಮಾನದ ಬಾಣವೊಂದು ಇದ್ದೇ ಇರುತ್ತದೆ: ರೆಕ್ಕೆಯ ಮೇಲ್ಮೈ ಉದ್ದ, ಆದ್ದರಿಂದ ಮೇಲಿನ ಗಾಳಿ ಕೆಳಗಿನದರ ಜೊತೆ ಒಟ್ಟಿಗೆ ತಲುಪಲು ಬೇಗ ಓಡಬೇಕು ಎಂದು. ಒಟ್ಟಿಗೆ ತಲುಪಬೇಕೆಂದು ಗಾಳಿಗೆ ಕಟ್ಟುಪಾಡೇನೂ ಇಲ್ಲ. ಗಾಳಿಸುರಂಗದಲ್ಲಿ ಹೊಗೆ ಬಿಟ್ಟು ನೋಡಿದರೆ ಮೇಲಿನ ಗಾಳಿಯೇ ಮೊದಲು ತಲುಪುತ್ತದೆ. ಮೇಲೂ ಕೆಳಗೂ ಒಂದೇ ಉದ್ದವಿರುವ ಚಪ್ಪಟೆ ರೆಕ್ಕೆಯ ಕಾಗದದ ವಿಮಾನವೂ ಹಾರುತ್ತದಲ್ಲ.

ವಿಜ್ಞಾನ ಮೇಳಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಈ ಪ್ರಯೋಗವನ್ನು ದಯವಿಟ್ಟು ಕೈಬಿಡಬೇಡಿ. ಅದರ ಪಕ್ಕದಲ್ಲಿ ಒಂದು ನೆಟ್ಟನೆ ಹಾಳೆ, ಪೆನ್ಸಿಲ್‌ಗೆ ಸುತ್ತಿ ಬಾಗಿಸಿದ ಇನ್ನೊಂದು ಹಾಳೆ ತೂಗುಹಾಕಿ, ಒಂದು ಸ್ಟ್ರಾ ಇಡಿ. ನೋಡಲು ಬಂದವರು ಎರಡೂ ಬದಿಯಿಂದ ಊದಲಿ.