ನಾಲ್ಕು ಅಕ್ಷರದ ವಂದನೆ

ಫ್ರಾನ್ಸಿನ ಕಚೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇಂಥದೊಂದು ಇಮೇಲ್ ಬರಬಹುದು: "Devis en PJ. Valider ASAP svp. Cdlt". ದರಪಟ್ಟಿ ಲಗತ್ತಿಸಿದೆ, ಬೇಗ ಒಪ್ಪಿಗೆ ಕೊಡಿ, ವಂದನೆಗಳು ಎಂದಿಷ್ಟೇ ಇದರ ಅರ್ಥ.

ಇದರಲ್ಲಿ PJ, ಅಂದರೆ 'ಪಿಯೆಸ್ ಜ್ವಾಂತ್', ಲಗತ್ತಿಗೆ ಹೇಳುವ ಮಾತು. ಕಚೇರಿಯ ಪತ್ರಗಳಲ್ಲಿ ಯಾರೂ ಇದಕ್ಕೆ ಬೇಸರಪಡುವುದಿಲ್ಲ. svp ಅಂದರೆ 'ಸಿಲ್ ವು ಪ್ಲೆ', ದಯವಿಟ್ಟು. ಸೂಚನಾಫಲಕಗಳಲ್ಲೂ ಕಾಣುತ್ತದೆ. ಆದರೆ 'ಮಾಡಿ' ಎಂಬ ಆಜ್ಞೆಯ ಬಾಲಕ್ಕೆ ಅಂಟಿಸಿದಾಗ ವಿನಯಕ್ಕಿಂತ ಅಸಹನೆಯೇ ಹೆಚ್ಚು ಕೇಳಿಸುತ್ತದೆ.

ಹೆಚ್ಚು ತೊಂದರೆ ಕೊಡುವುದು cdlt. ಇದು 'ಕಾರ್ದಿಯಾಲ್‌ಮಾಂ', ಆತ್ಮೀಯ ವಂದನೆ ಎಂಬುದರ ಹ್ರಸ್ವರೂಪ. ವಂದನೆಯನ್ನೇ ಮೊಟಕು ಮಾಡಿದರೆ, ನಿಮಗಾಗಿ ಪೂರ್ತಿ ಪದ ಬರೆಯುವಷ್ಟೂ ಪುರುಸೊತ್ತಿಲ್ಲ ಎಂದಂತಾಗುತ್ತದೆ. ದಿನವೂ ಮಾತಾಡುವ ಸಹೋದ್ಯೋಗಿಗಳ ನಡುವೆ ನಡೆದೀತು. ಗ್ರಾಹಕರಿಗೆ, ಮೇಲಧಿಕಾರಿಗೆ, ಉದ್ಯೋಗದ ಅರ್ಜಿಗೆ, ದೂರಿನ ಉತ್ತರಕ್ಕೆ ಖಂಡಿತ ಬೇಡ.

ಇಂಗ್ಲಿಷಿನಿಂದ ಬಂದ ASAPಅನ್ನು ಫ್ರೆಂಚರು 'ಅಜಾಪ್' ಎಂದೂ ಉಚ್ಚರಿಸುತ್ತಾರೆ. ಅದು ಅವಸರಿಸುತ್ತದೆ, ಗಡುವು ಹೇಳುವುದಿಲ್ಲ. ಓದಿದವರು ಇವತ್ತೋ ಈ ವಾರವೋ ಎಂದು ಊಹಿಸಬೇಕು.

ಅದೇ ಸಂದೇಶವನ್ನು ಹೊಸ ಗ್ರಾಹಕಿಗೆ ಕಳಿಸುವಾಗ 'ಬೋಂಜೂರ್ ಮದಾಮ್' ಎಂದು ಶುರುಮಾಡಿ, ದರಪಟ್ಟಿ ಲಗತ್ತಿಸಿರುವುದನ್ನು ಪೂರ್ಣ ವಾಕ್ಯದಲ್ಲಿ ತಿಳಿಸಬೇಕು. ಗುರುವಾರ ಮಧ್ಯಾಹ್ನದೊಳಗೆ ಒಪ್ಪಿಗೆ ಕೊಡಲಾದೀತೇ ಎಂದು ಪ್ರಶ್ನೆಯಾಗಿ ಕೇಳಿ, Cordialement ಎಂದು ಪೂರ್ತಿ ಬರೆದು ಹೆಸರು ಹಾಕಬೇಕು. ಪದೇ ಪದೇ ಬರೆಯುವವರು ಈ ಕೊನೆಯ ಪದವನ್ನು ಇಮೇಲಿನ ಸಹಿಯಲ್ಲೇ ಸೇರಿಸಿಟ್ಟರೆ ಪ್ರತಿಸಲ ಟೈಪಿಸುವ ಕೆಲಸವೂ ಇಲ್ಲ.